ಹಳೆಯ ಪಾಸ್‌ಪೋರ್ಟಿನ ಸೀಲುಗಳು ಮತ್ತು 1,10,110 ರೂಪಾಯಿ ಸುಂಕ

2025ರ ಮಾರ್ಚ್‌ನಲ್ಲಿ ಕಸ್ಟಮ್ಸ್ ಕಚೇರಿಯಿಂದ ನನಗೊಂದು ಪತ್ರ ಬಂತು. ನಾನು 1,10,110 ರೂಪಾಯಿ ಸುಂಕ ಕಡಿಮೆ ಕಟ್ಟಿದ್ದೇನೆ, ಅದರ ಮೇಲೆ ವರ್ಷಕ್ಕೆ ಶೇ. 15ರ ಬಡ್ಡಿಯನ್ನೂ ಸೇರಿಸಿ ಯಾಕೆ ವಸೂಲು ಮಾಡಬಾರದು ಎಂಬುದು ಅದರ ಸಾರ. ಶಾರ್ಜಾದ ಕೆಲಸ ಬಿಟ್ಟು ಬಂಟ್ವಾಳದ ಹತ್ತಿರದ ನಮ್ಮ ಊರಿಗೆ ಬಂದು ಆಗಲೇ ಒಂದೂಮುಕ್ಕಾಲು ವರ್ಷ ಆಗಿತ್ತು. ಕಾರ್ಗೋದಲ್ಲಿ ಬಂದ ಮನೆಸಾಮಾನು ಮನೆಯಲ್ಲಿ ಅದರದರ ಜಾಗದಲ್ಲಿ ಕೂತಿತ್ತು. ಆ ಸಾಮಾನನ್ನು 2023ರ ಆಗಸ್ಟ್‌ನಲ್ಲಿ ಇದೇ ಕಸ್ಟಮ್ಸ್‌ನವರು ನೋಡಿ, 3,86,000 ರೂಪಾಯಿ ಎಂದು ಬೆಲೆ ಕಟ್ಟಿ, ಸುಂಕವಿಲ್ಲದೆ ಬಿಟ್ಟುಕೊಟ್ಟಿದ್ದರು.

ಕಸ್ಟಮ್ಸ್ ಹೆಸರಿನಲ್ಲಿ ಮೋಸದ ಫೋನು, ಮೆಸೇಜು ಬರುವ ಕಾಲ ಇದು. ಹಾಗಾಗಿ ಮೊದಲು ನೋಡಿದ್ದು ಪತ್ರ ನಿಜವೇ ಎಂದು. 2019ರ ಕೊನೆಯಿಂದ ಕಸ್ಟಮ್ಸ್ ಇಲಾಖೆಯ ಇಂಥ ಪತ್ರಗಳ ಮೇಲೆ ಡಿನ್ ಎಂಬ ಗುರುತಿನ ಸಂಖ್ಯೆ ಇರಬೇಕು. ಕಸ್ಟಮ್ಸ್ ಇಲಾಖೆಯನ್ನು ನಡೆಸುವ ಕೇಂದ್ರ ಮಂಡಳಿ ಸಿಬಿಐಸಿಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಚೇರಿ, ಯಾವತ್ತು ಕೊಟ್ಟ ಪತ್ರ ಎಂದು ತೋರಿಸುತ್ತದೆ. ನನ್ನ ಪತ್ರದ ಸಂಖ್ಯೆ ಅಲ್ಲಿ ಸಿಕ್ಕಿತು. ಪತ್ರ ಅಸಲಿಯೇ.

ಸಾಮಾನು ಬಿಡಿಸಿಕೊಟ್ಟ ಏಜೆಂಟರಿಗೆ ಫೋನ್ ಮಾಡಿದೆ. "ಬಡ್ಡಿ ಬೆಳೆಯುತ್ತಾ ಹೋಗುತ್ತದೆ ಸಾರ್, ಕಟ್ಟಿ ಮುಗಿಸಿಬಿಡಿ" ಎಂದರು. ಬಡ್ಡಿಯ ಮಾತು ಸುಳ್ಳಲ್ಲ. ಆ ಮೊತ್ತಕ್ಕೆ ತಿಂಗಳಿಗೆ ಸುಮಾರು 1,376 ರೂಪಾಯಿ, 2023ರ ಸೆಪ್ಟೆಂಬರಿನಿಂದ ಲೆಕ್ಕ ಹಾಕಿದರೆ ಆಗಲೇ 26 ಸಾವಿರ ದಾಟಿತ್ತು. ನೋಟಿಸ್ ಬರುವ ಮೊದಲೇ ಸುಂಕ, ಬಡ್ಡಿ ಕಟ್ಟಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದು ಕಾನೂನಿನಲ್ಲೂ ಇದೆ. ಆದರೆ ನಾನು ಕಟ್ಟಬೇಕಾದ ಸುಂಕವೇ ಅದು ಹೌದೋ ಅಲ್ಲವೋ ಎಂದು ತಿಳಿಯದೆ ಒಂದೂಕಾಲು ಲಕ್ಷಕ್ಕೂ ಹೆಚ್ಚು ಕೊಡಲು ನನಗೆ ಮನಸ್ಸು ಬರಲಿಲ್ಲ. ಹನ್ನೊಂದು ವರ್ಷ ಏಸಿ ಡಕ್ಟುಗಳ ಒಳಗೆ ಕೂತು ದುಡಿದ ಹಣ ಅದು.

ಪತ್ರ ಹಿಡಿದುಕೊಂಡು ನಮ್ಮ ಊರಿನ ರಾಯರ ಮನೆಗೆ ಹೋದೆ. ಅವರು ಕೇಂದ್ರ ಅಬಕಾರಿ ಮತ್ತು ಕಸ್ಟಮ್ಸ್‌ನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಗಾಬರಿ ಬೇಡ ಮಾರಾಯ. ಇದು ನೋಟಿಸ್ ಅಲ್ಲ. ನೋಟಿಸ್ ಕೊಡುವ ಮೊದಲು ಕೇಳುವ ಪತ್ರ. ಆದ್ರೆ ಹದಿನೈದು ದಿನದ ಒಳಗೆ ಉತ್ತರ ಹೋಗ್ಬೇಕು. ಹೋಗದಿದ್ರೆ ಮತ್ತೆ ಕೇಳುದಿಲ್ಲ, ಸೀದಾ ನೋಟಿಸೇ ಬರುದು."

ಅವರು ತೋರಿಸಿದ ಇನ್ನೊಂದು ಅಂಶ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಸ್ಟಮ್ಸ್ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಸುಂಕ ಕಡಿಮೆ ಬಿದ್ದಿದೆ ಎಂದು ಆಮೇಲೆ ಗೊತ್ತಾದರೆ ಸಾಮಾನ್ಯವಾಗಿ ಎರಡು ವರ್ಷದೊಳಗೆ ನೋಟಿಸ್ ಕೊಡಬೇಕು. ಬೇಕೆಂದೇ ತಪ್ಪು ಮಾಹಿತಿ ಕೊಟ್ಟಿದ್ದಾನೆ, ಮುಚ್ಚಿಟ್ಟಿದ್ದಾನೆ ಎಂಬ ಆರೋಪ ಇದ್ದರೆ ಮಾತ್ರ ಆ ಅವಧಿ ಐದು ವರ್ಷಕ್ಕೆ ಹೋಗುತ್ತದೆ, ದಂಡವೂ ದೊಡ್ಡದಾಗುತ್ತದೆ. ನನ್ನ ಪತ್ರದಲ್ಲಿ ಮುಚ್ಚಿಟ್ಟ ಮಾತು ಎಲ್ಲೂ ಇರಲಿಲ್ಲ. "ಹಾಗಾದ್ರೆ ನಿನ್ನ ಮೇಲೆ ಅವರಿಗೆ ಸಂಶಯ ಇಲ್ಲ, ನಿನ್ನ ಕಾಗದದ ಮೇಲೆ ಸಂಶಯ. ಕಾಗದದಿಂದಲೇ ಉತ್ತರ ಕೊಡು" ಎಂದರು ರಾಯರು.

ಕಾಗದದಲ್ಲಿ ಏನು ಸಂಶಯ ಎಂಬುದು ಪತ್ರದ ಮೂರನೇ ಪ್ಯಾರಾದಲ್ಲಿತ್ತು. ಅದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಹೊರದೇಶದ ವಾಸ ಮುಗಿಸಿ ಬರುವವನ ಮನೆಸಾಮಾನಿಗೆ ಸಿಗುವ ರಿಯಾಯಿತಿಗೆ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಎಂದು ಹೆಸರು, ಗಲ್ಫಿನ ನಮ್ಮವರ ಬಾಯಲ್ಲಿ ಬರೀ ಟಿ.ಆರ್. ನಾನು ಬಂದಾಗ ಜಾರಿಯಲ್ಲಿದ್ದದ್ದು 2016ರ ಬ್ಯಾಗೇಜ್ ನಿಯಮಗಳು. ಅದರ 6ನೇ ನಿಯಮದಲ್ಲಿ ಮೆಟ್ಟಿಲುಗಳಿದ್ದವು. ಮೂರರಿಂದ ಆರು ತಿಂಗಳು ಹೊರಗೆ ಇದ್ದವನಿಗೆ 60 ಸಾವಿರದ ಸಾಮಾನು ಸುಂಕವಿಲ್ಲದೆ, ಆರು ತಿಂಗಳಿಂದ ಒಂದು ವರ್ಷದವರೆಗೆ ಇದ್ದವನಿಗೆ 1 ಲಕ್ಷದ್ದು, ಹಿಂದಿನ ಎರಡು ವರ್ಷದಲ್ಲಿ ಕನಿಷ್ಠ ಒಂದು ವರ್ಷ ಇದ್ದವನಿಗೆ 2 ಲಕ್ಷದ್ದು, ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದವನಿಗೆ 5 ಲಕ್ಷದ್ದು. ಮಿತಿ ಮೀರಿದ ಬೆಲೆಯ ಮೇಲೆ ಸೆಸ್ ಸೇರಿ ಶೇ. 38.5 ಸುಂಕ ಇತ್ತು. ಫ್ಲಾಟ್ ಟಿವಿ ಈ ರಿಯಾಯಿತಿಯ ಒಳಗೆ ಬರುತ್ತಲೇ ಇರಲಿಲ್ಲ. ಅದಕ್ಕೇ ನಾನು ಟಿವಿಯನ್ನು ಅಲ್ಲಿಯೇ ಪಕ್ಕದ ರೂಮಿನವನಿಗೆ ಕೊಟ್ಟು ಬಂದಿದ್ದೆ. ಫ್ರಿಜ್ 300 ಲೀಟರಿನ ಒಳಗಿನದು, ವಾಷಿಂಗ್ ಮೆಷಿನ್, ಗ್ಯಾಸ್ ಒಲೆ, ಮಂಚ, ಸೋಫಾ, ಹೆಂಡತಿಯ ಹೊಲಿಗೆ ಮೆಷಿನ್, ಪಾತ್ರೆಪಗಡಿ, ಇವೆಲ್ಲ ಒಳಗೆ ಬರುವಂಥವೇ.

ಐದು ಲಕ್ಷದ ಮೆಟ್ಟಿಲಿಗೆ ಆಗ ಮೂರು ಷರತ್ತು ಇದ್ದವು. ಬರುವ ದಿನಕ್ಕೆ ತಾಗಿ ಹಿಂದೆ ಎರಡು ವರ್ಷ ಹೊರದೇಶದಲ್ಲಿ ವಾಸ ಇರಬೇಕು. ಆ ಎರಡು ವರ್ಷದಲ್ಲಿ ಊರಿಗೆ ಬಂದು ಹೋದ ದಿನಗಳೆಲ್ಲ ಕೂಡಿ ಆರು ತಿಂಗಳು ಮೀರಬಾರದು. ಹಿಂದಿನ ಮೂರು ವರ್ಷದಲ್ಲಿ ಇದೇ ರಿಯಾಯಿತಿ ಪಡೆದಿರಬಾರದು.

ನನ್ನ ಫೈಲಿನಲ್ಲಿ ಏಜೆಂಟರು ಇಟ್ಟದ್ದು ಹೊಸ ಪಾಸ್‌ಪೋರ್ಟಿನ ನಕಲು ಮಾತ್ರ. ಅದು ದುಬೈಯಲ್ಲಿ 2022ರ ಆಗಸ್ಟ್ 16ರಂದು ಕೊಟ್ಟದ್ದು. ನಾನು ಮಂಗಳೂರಿನಲ್ಲಿ ಇಳಿದದ್ದು 2023ರ ಜೂನ್ 21. ನಡುವೆ ಹತ್ತು ತಿಂಗಳು ಮತ್ತೆ ಕೆಲವು ದಿನ. ಸಾಮಾನು ಬಿಟ್ಟ ದಿನ ಅಧಿಕಾರಿ ಹಳೆಯ ಪಾಸ್‌ಪೋರ್ಟನ್ನೂ ಕೈಯಲ್ಲಿ ಹಿಡಿದು ನೋಡಿದ್ದರು, ಆದರೆ ನೋಡಿದ್ದು ಫೈಲಿನಲ್ಲಿ ಉಳಿಯಲಿಲ್ಲ. ಆಮೇಲೆ ಬಂದ ಆಡಿಟ್‌ನವರಿಗೆ ಕಂಡದ್ದು ಹತ್ತು ತಿಂಗಳ ವಾಸದ ದಾಖಲೆ ಅಷ್ಟೆ. ಹಾಗಾಗಿ ನನ್ನನ್ನು ಒಂದು ಲಕ್ಷದ ಮೆಟ್ಟಿಲಿಗೆ ಇಳಿಸಿದರು. 3,86,000ದಲ್ಲಿ 1,00,000 ಕಳೆದರೆ 2,86,000. ಅದರ ಶೇ. 38.5 ಎಂದರೆ ಸರಿಯಾಗಿ 1,10,110.

ಹೊಸ ಪಾಸ್‌ಪೋರ್ಟಿನಲ್ಲಿ ಯುಎಇ ವೀಸಾದ ಸ್ಟಿಕ್ಕರ್ ಕೂಡ ಇರಲಿಲ್ಲ. 2022ರ ಏಪ್ರಿಲ್-ಮೇ ಹೊತ್ತಿಗೆ ಅಲ್ಲಿ ಪಾಸ್‌ಪೋರ್ಟಿಗೆ ರೆಸಿಡೆನ್ಸ್ ಸ್ಟಿಕ್ಕರ್ ಅಂಟಿಸುವುದನ್ನೇ ನಿಲ್ಲಿಸಿದರು. ಅಲ್ಲಿಯ ಗುರುತಿನ ಕಾರ್ಡಾದ ಎಮಿರೇಟ್ಸ್ ಐಡಿಯೇ ಎಲ್ಲದಕ್ಕೂ ಸಾಕು ಎಂದಾಯಿತು. ಏರ್‌ಪೋರ್ಟಿನಲ್ಲಿ ಸ್ಮಾರ್ಟ್ ಗೇಟಿನಿಂದ ಹೋಗಿ ಬಂದರೆ ಸೀಲೂ ಬೀಳುವುದಿಲ್ಲ. ಅಲ್ಲಿ ದುಡಿಯುವವನಿಗೆ ಇದು ಅನುಕೂಲ. ಆದರೆ ಊರಿಗೆ ಬಂದು ವಾಸ ಸಾಬೀತು ಮಾಡಬೇಕಾದಾಗ ಕೈಯಲ್ಲಿ ಉಳಿಯುವುದು ನಮ್ಮ ಭಾರತದ ಇಮಿಗ್ರೇಶನ್ ಒತ್ತಿದ ಸೀಲು ಮಾತ್ರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿತ್ತು. ಹೊಸದು ಕೊಡುವಾಗ ಮೂಲೆ ಕತ್ತರಿಸಿ ರದ್ದು ಎಂದು ಒತ್ತಿ ಹಿಂದೆ ಕೊಡುವ ಆ ಪುಸ್ತಕವನ್ನು ಎಷ್ಟೋ ಜನ ಎಲ್ಲೋ ಬಿಸಾಡುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಅದನ್ನು ಜಾಗದ ಕಾಗದಗಳ ಜೊತೆ ಪೆಟ್ಟಿಗೆಯಲ್ಲಿಟ್ಟಿದ್ದರು.

ಎರಡು ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ದಿನ ಎಣಿಸಲು ಕೂತಾಗ ಹೊಸ ತೊಡಕೊಂದು ಎದ್ದಿತು. ಎರಡು ವರ್ಷದ ಲೆಕ್ಕ 2021ರ ಜೂನ್ 21ರಿಂದ ಶುರುವಾಗಬೇಕು. ಆ ದಿನ ನಾನು ಶಾರ್ಜಾದಲ್ಲಿ ಇರಲೇ ಇಲ್ಲ. ಊರಿನಲ್ಲಿದ್ದೆ. ಏಪ್ರಿಲ್ 20ಕ್ಕೆ ರಜೆಯಲ್ಲಿ ಬಂದಿದ್ದೆ. ಕೋವಿಡ್‌ನ ಎರಡನೇ ಅಲೆಗೆ ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದಿಂದ ಬರುವವರನ್ನು ನಿಲ್ಲಿಸಿತು. ಅಲ್ಲಿಯೇ ಲಸಿಕೆ ಹಾಕಿಸಿಕೊಂಡ, ರೆಸಿಡೆನ್ಸ್ ವೀಸಾ ಇರುವವರಿಗೆ ಬಾಗಿಲು ತೆರೆದದ್ದು ಆಗಸ್ಟ್ 5ಕ್ಕೆ. ನಾನು ಕೊಚ್ಚಿಯಿಂದ ಹೊರಟದ್ದು ಆಗಸ್ಟ್ 12ಕ್ಕೆ. ಅಂದರೆ ಎರಡು ವರ್ಷದ ಮೊದಲ 53 ದಿನ ನಾನು ಭಾರತದಲ್ಲೇ ಇದ್ದೆ.

ರಾಯರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನು ಅವರಾಗಿ ಹಿಡಿಯುವ ಮೊದಲು ನೀನೇ ಬರೆ. ಇದಕ್ಕೆ ಎರಡು ದಾರಿ ಉಂಟು, ಎರಡನ್ನೂ ಬರೆ" ಎಂದರು.

ಮೊದಲನೆಯ ದಾರಿ: ಆ 53 ದಿನವೂ ಊರಿಗೆ ಬಂದು ಹೋದ ರಜೆಯ ದಿನಗಳೇ. ಹಳೆಯ ಪಾಸ್‌ಪೋರ್ಟಿನಲ್ಲಿ 2020ರಿಂದ 2022ರವರೆಗಿನ ವೀಸಾ ಸ್ಟಿಕ್ಕರ್ ಇದೆ, ಕೆಲಸ ಹೋಗಿರಲಿಲ್ಲ, ಕಂಪನಿ ರಜೆ ಮುಂದುವರಿಸಿ ಕಳಿಸಿದ ಇ-ಮೇಲ್ ಇದೆ. ವಾಸ ಅಲ್ಲಿಯದೇ, ಇಲ್ಲಿ ಇದ್ದದ್ದು ತಾತ್ಕಾಲಿಕ. ಹಾಗೆ ಹಿಡಿದರೆ ಆ ದಿನಗಳು ಆರು ತಿಂಗಳ ಲೆಕ್ಕಕ್ಕೆ ಸೇರುತ್ತವೆ. 53 ದಿನ, 2022ರ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಬಂದ 29 ದಿನ, ಆ ವರ್ಷದ ಡಿಸೆಂಬರ್ 24ರಿಂದ ಜನವರಿ 22ರವರೆಗೆ 30 ದಿನ, ಎಲ್ಲ ಕೂಡಿ 112. ಬಂದ ದಿನ, ಹೋದ ದಿನ ಎರಡನ್ನೂ ಭಾರತದ ದಿನ ಎಂದೇ ಎಣಿಸಿದೆ. ನನಗೆ ಅತ್ಯಂತ ಕಷ್ಟವಾಗುವ ರೀತಿಯಲ್ಲಿ ಎಣಿಸಿದರೂ ಆರು ತಿಂಗಳ ಹತ್ತಿರ ಬರುವುದಿಲ್ಲ ಎಂದು ತೋರಿಸಬೇಕಿತ್ತು.

ಎರಡನೆಯ ದಾರಿ: ಅಧಿಕಾರಿ ಇದನ್ನು ಒಪ್ಪದೆ ನನ್ನ ವಾಸ 2021ರ ಆಗಸ್ಟ್‌ನಿಂದಲೇ ಶುರು ಎಂದರೂ, ಎರಡು ವರ್ಷಕ್ಕೆ ಕೊರತೆ 53 ದಿನ ಮಾತ್ರ. ಕೊರತೆ ಎರಡು ತಿಂಗಳ ಒಳಗಿದ್ದು, ಅದಕ್ಕೆ ಕೆಲಸದ ಕೊನೆಯ ರಜೆಯೋ ಬೇರೆ ವಿಶೇಷ ಸನ್ನಿವೇಶವೋ ಕಾರಣವಾಗಿದ್ದರೆ ಡೆಪ್ಯುಟಿ ಅಥವಾ ಅಸಿಸ್ಟೆಂಟ್ ಕಮಿಷನರ್ ಅದನ್ನು ಮನ್ನಿಸಬಹುದು ಎಂದು ಅದೇ ನಿಯಮದ ಪಟ್ಟಿಯ ಬದಿಯಲ್ಲಿ ಬರೆದಿತ್ತು. ಒಂದು ದೇಶ ತನ್ನ ಬಾಗಿಲನ್ನೇ ಮುಚ್ಚಿದ್ದು ವಿಶೇಷ ಸನ್ನಿವೇಶ ಅಲ್ಲದಿದ್ದರೆ ಮತ್ತೆ ಯಾವುದು?

ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದೆವು. ನಾನು ಮೊದಲು ಬರೆದ ಕರಡಿನಲ್ಲಿ ಹನ್ನೊಂದು ವರ್ಷದ ಕಷ್ಟ, ಸಾಲ, ಮಗಳ ಕಾಲೇಜು ಎಲ್ಲ ಇತ್ತು. ರಾಯರು ಅದನ್ನು ಓದಿ ಮಡಚಿ ಬದಿಗಿಟ್ಟರು. "ಇದು ನಿಜವೇ ಮಗಾ, ಆದ್ರೆ ಅವರು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರ ಇಲ್ಲ." ಕೊನೆಗೆ ಹೋದ ಪತ್ರ ಎರಡು ಪುಟದ್ದು. ಅದರ ಮುಖ್ಯ ಭಾಗ ಕನ್ನಡದಲ್ಲಿ ಹೀಗಿದೆ:

"ತಮ್ಮ ಪತ್ರದ ಮೂರನೇ ಪ್ಯಾರಾದಲ್ಲಿ ನನ್ನ ಹೊರದೇಶದ ವಾಸ ಒಂದು ವರ್ಷಕ್ಕಿಂತ ಕಡಿಮೆ ಎಂದು ಹೇಳಲಾಗಿದೆ. ಈ ತೀರ್ಮಾನಕ್ಕೆ ಆಧಾರ 16-8-2022ರ ಪಾಸ್‌ಪೋರ್ಟ್ ಮಾತ್ರ. ಅದು ಹಳೆಯ ಪಾಸ್‌ಪೋರ್ಟಿನ ಅವಧಿ ಮುಗಿದಾಗ ಬದಲಿಗೆ ಪಡೆದದ್ದು. ಹಳೆಯ ಪಾಸ್‌ಪೋರ್ಟಿನ ಸಂಖ್ಯೆ ಹೊಸದರಲ್ಲಿಯೇ ನಮೂದಾಗಿದೆ. ಎರಡರ ಎಲ್ಲ ಪುಟಗಳ ಸ್ವಯಂ ದೃಢೀಕೃತ ನಕಲು ಲಗತ್ತಿಸಿದ್ದೇನೆ.

21-6-2021ರಿಂದ 20-6-2023ರವರೆಗೆ ನಾನು ಭಾರತದಲ್ಲಿದ್ದ ದಿನಗಳ ಪಟ್ಟಿಯನ್ನು, ಪ್ರತಿ ದಿನಾಂಕಕ್ಕೂ ಸೀಲು ಇರುವ ಪುಟದ ಸಂಖ್ಯೆ ಬರೆದು, ಅನುಬಂಧದಲ್ಲಿ ಕೊಟ್ಟಿದ್ದೇನೆ. ಒಟ್ಟು 112 ದಿನ. ನಿಯಮದಲ್ಲಿರುವ ಆರು ತಿಂಗಳ ಮಿತಿಯೊಳಗೆ ಇದು ಬರುತ್ತದೆ.

21-6-2021ರಿಂದ 12-8-2021ರವರೆಗೆ ನಾನು ಭಾರತದಲ್ಲಿದ್ದದ್ದು ಪ್ರಯಾಣ ನಿರ್ಬಂಧದಿಂದ. ನನ್ನ ರೆಸಿಡೆನ್ಸ್ ವೀಸಾ ಮತ್ತು ಉದ್ಯೋಗ ಆಗ ಚಾಲ್ತಿಯಲ್ಲಿದ್ದವು. ಈ ದಿನಗಳನ್ನು ತಾತ್ಕಾಲಿಕ ಭೇಟಿ ಎಂದು ಪರಿಗಣಿಸಬೇಕು. ಹಾಗೆ ಪರಿಗಣಿಸಲು ಸಾಧ್ಯವಿಲ್ಲವೆಂದು ತಾವು ಕಂಡರೆ, 53 ದಿನಗಳ ಕೊರತೆಯನ್ನು ನಿಯಮ 6ರ ಅಡಿ ಮನ್ನಿಸಬೇಕೆಂದು ಅಸಿಸ್ಟೆಂಟ್ ಕಮಿಷನರ್ ಅವರಿಗೆ ಬರೆದ ಪ್ರತ್ಯೇಕ ಅರ್ಜಿ ಇದರೊಂದಿಗಿದೆ.

ಹಿಂದಿನ ಮೂರು ವರ್ಷಗಳಲ್ಲಿ ಈ ರಿಯಾಯಿತಿ ಪಡೆದಿಲ್ಲ. ಖುದ್ದು ಹಾಜರಾಗಿ ವಿವರಿಸಲು ಅವಕಾಶ ಕೋರುತ್ತೇನೆ."

ಕೊನೆಯ ವಾಕ್ಯ ಬಿಡಬಾರದು. ಖುದ್ದು ಹೇಳುವುದಿದೆಯೇ ಇಲ್ಲವೇ ಎಂದು ಆ ಹದಿನೈದು ದಿನದೊಳಗೆ ತಿಳಿಸಿದರೆ ಮಾತ್ರ ಕರೆಯುತ್ತಾರೆ. ಇ-ಮೇಲ್‌ನಲ್ಲೂ ಕಳಿಸಿ, ಮೂಲ ಪ್ರತಿಯನ್ನು ನಾನೇ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೆ.

ಹಿಯರಿಂಗಿಗೆ ಮುಂದಿನ ವಾರವೇ ಕರೆ ಬಂತು. ವಕೀಲರನ್ನು ಕರೆದುಕೊಂಡು ಹೋಗಬಹುದಿತ್ತು, ಆದರೆ ಇಲ್ಲಿ ಇದ್ದದ್ದು ತಾರೀಖಿನ ವಿಷಯವೇ ಹೊರತು ವಾದದ ವಿಷಯ ಅಲ್ಲ ಎಂದು ಒಬ್ಬನೇ ಹೋದೆ. ಅಧಿಕಾರಿ ಹೆಣ್ಣುಮಗಳು, ತಾಳ್ಮೆಯಿಂದ ಹಳೆಯ ಪಾಸ್‌ಪೋರ್ಟಿನ ಪುಟ ಪುಟ ತಿರುಗಿಸಿ ಪಟ್ಟಿಯ ಜೊತೆ ಹೋಲಿಸಿದರು. ಕೊಚ್ಚಿಯ ಸೀಲಿನ ಹತ್ತಿರ ನಿಂತರು. ಶಾಯಿ ಮಸುಕಾಗಿ ತಿಂಗಳು ಕಾಣುತ್ತಿರಲಿಲ್ಲ.

"ಇದು ಎಂಟೋ ಹತ್ತೋ ಹೇಗೆ ಹೇಳುವುದು?"

ಪ್ರಶ್ನೆ ಸಣ್ಣದಲ್ಲ. ಅಕ್ಟೋಬರ್ ಎಂದಾದರೆ ಕೊರತೆ ಎರಡು ತಿಂಗಳು ಮೀರುತ್ತದೆ, ಎರಡನೆಯ ದಾರಿ ಅಲ್ಲಿಗೆ ಮುಚ್ಚುತ್ತದೆ. ಆ ದಿನದ ಟಿಕೆಟು, ಹೊರಡುವ ಮೊದಲು ಮಾಡಿಸಿದ ಪಿಸಿಆರ್ ಪರೀಕ್ಷೆಯ ವರದಿ, ಸೆಪ್ಟೆಂಬರಿನ ಸಂಬಳ ಶಾರ್ಜಾದ ಬ್ಯಾಂಕಿಗೆ ಬಿದ್ದ ಸ್ಟೇಟ್‌ಮೆಂಟು, ಅದೇ ತಿಂಗಳು ಅಲ್ಲಿಯ ಸೂಪರ್‌ಮಾರ್ಕೆಟ್ಟುಗಳಲ್ಲಿ ಕಾರ್ಡು ಉಜ್ಜಿದ ಸಾಲುಗಳು, ಎಲ್ಲವನ್ನೂ ಒಂದರ ಮೇಲೊಂದು ಇಟ್ಟೆ. ಕಾರ್ಡಿನ ಸಾಲುಗಳನ್ನು ಅವರು ತುಂಬಾ ಹೊತ್ತು ನೋಡಿದರು. ಸಂಬಳ ಊರಿನಲ್ಲಿ ಕೂತವನಿಗೂ ಬೀಳಬಹುದು, ಆದರೆ ಅಂಗಡಿಯಲ್ಲಿ ಅಕ್ಕಿ ಕೊಂಡದ್ದು ಅಲ್ಲಿ ಇದ್ದವನೇ. ತಿಂಗಳು ಎಂಟು ಎಂದು ಅವರು ಟಿಪ್ಪಣಿಯಲ್ಲಿ ಬರೆದುಕೊಂಡರು.

ಆಮೇಲೆ 53 ದಿನದ ಮಾತು. "ನೀವೇ ಬರೆದಿದ್ದೀರಲ್ಲ, ನಾನು ಕೇಳಬೇಕು ಅಂತಿದ್ದೆ" ಎಂದರು. ನಿರ್ಬಂಧದ ದಿನಾಂಕಗಳು, ಕಂಪನಿಯ ಇ-ಮೇಲು ನೋಡಿದರು. ಹಿಯರಿಂಗಿನ ದಾಖಲೆಯನ್ನು ಓದಿ ಹೇಳಿ ನನ್ನ ಸಹಿ ಹಾಕಿಸಿದರು. ನಾನು ಹೇಳಿದ್ದೆಲ್ಲ ಅದರಲ್ಲಿ ಇದೆಯೇ ಎಂದು ನೋಡಿಯೇ ಸಹಿ ಹಾಕಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟ ವಿಷಯ ಬಿಟ್ಟುಹೋಗಿತ್ತು, ಹೇಳಿದಾಗ ಸೇರಿಸಿದರು.

ಕಾಯುವಾಗ, ಇದು ನನ್ನ ವಿರುದ್ಧ ಹೋದರೆ ಏನು ಎಂದು ರಾಯರನ್ನು ಕೇಳಿಯೇ ಇಟ್ಟಿದ್ದೆ. ನೋಟಿಸ್ ಬರುತ್ತದೆ, ಅದಕ್ಕೂ ಉತ್ತರ ಕೊಡಲು, ಹಿಯರಿಂಗ್ ಕೇಳಲು ಅವಕಾಶ ಇದೆ. ಆಮೇಲಿನ ಆದೇಶದ ಮೇಲೆ 60 ದಿನದೊಳಗೆ ಕಮಿಷನರ್ (ಅಪೀಲ್ಸ್) ಅವರಲ್ಲಿ ಮೇಲ್ಮನವಿ. ಅದಕ್ಕೆ ಸುಂಕದ ಶೇ. 7.5 ಮೊದಲೇ ಕಟ್ಟಬೇಕು, ನನ್ನ ಲೆಕ್ಕದಲ್ಲಿ 8,258 ರೂಪಾಯಿ. ಅಲ್ಲಿಯೂ ಸೋತರೆ ಬ್ಯಾಗೇಜಿನ ವ್ಯಾಜ್ಯ ಬೇರೆ ಕಸ್ಟಮ್ಸ್ ವ್ಯಾಜ್ಯದ ಹಾಗೆ ಟ್ರಿಬ್ಯುನಲ್‌ಗೆ ಹೋಗುವುದಿಲ್ಲ, ಕೇಂದ್ರ ಸರ್ಕಾರಕ್ಕೆ ಪುನರ್‌ಪರಿಶೀಲನೆಯ ಅರ್ಜಿ ಹಾಕಬೇಕು. ಇದನ್ನು ತಿಳಿಯದೆ ತಪ್ಪು ಬಾಗಿಲು ಬಡಿದರೆ ಅವಧಿಯೇ ಮೀರಿಹೋಗುತ್ತದೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ನೋಟಿಸಿಗೆ ಮುಂಚಿನ ಈ ವಿಚಾರಣೆಯನ್ನು ಮೊದಲ ಪತ್ರದಿಂದ 60 ದಿನದೊಳಗೆ ಮುಗಿಸಬೇಕೆಂಬ ನಿಯಮ ಇದೆ. ಮೇ ತಿಂಗಳಲ್ಲಿ ನಾಲ್ಕು ಸಾಲಿನ ಪತ್ರ ಬಂತು. ನಾನು ಕೊಟ್ಟ ದಾಖಲೆಗಳನ್ನು ಪರಿಶೀಲಿಸಲಾಗಿದೆ, ತಿಳಿಸಿದ್ದ ಕಾರಣದ ಮೇಲೆ ನೋಟಿಸ್ ಕೊಡುವ ಪ್ರಸ್ತಾವ ಮುಂದುವರಿಸುವುದಿಲ್ಲ ಎಂದು. 53 ದಿನವನ್ನು ರಜೆ ಎಂದು ಒಪ್ಪಿದರೋ ಕೊರತೆ ಎಂದು ಮನ್ನಿಸಿದರೋ ಅದರಲ್ಲಿ ಬರೆದಿರಲಿಲ್ಲ. ಅದರ ಮೇಲಿನ ಡಿನ್ ಸಂಖ್ಯೆಯನ್ನೂ ನೋಡಿ, ಪತ್ರವನ್ನು ಎರಡು ಪಾಸ್‌ಪೋರ್ಟುಗಳ ಜೊತೆ ಇಟ್ಟೆ.

ಇದನ್ನು ಕೇಳಿದ ಮೇಲೆ ಅಜ್ಮಾನಿನಲ್ಲಿ ನನ್ನ ಜೊತೆ ಕೆಲಸ ಮಾಡಿದವನೊಬ್ಬ ಫೋನ್ ಮಾಡಿದ. ಅವನಿಗೂ ಅಂಥದ್ದೇ ಪತ್ರ, ಅದೇ ವರ್ಷಗಳ ಲೆಕ್ಕ. ನನ್ನ ಉತ್ತರವನ್ನೇ ಹೆಸರು ಬದಲಿಸಿ ಕೊಡಬಹುದೇ ಎಂದು ಕೇಳಿದ. ಮೊದಲು ಸೀಲಿನ ಪುಟಗಳ ಫೋಟೋ ಕಳಿಸು ಎಂದೆ. ಅವನು 2021ರಲ್ಲಿ ಹಿಂದೆ ಹೋದದ್ದು ಸೆಪ್ಟೆಂಬರಿನಲ್ಲಿ, ಅದೂ ಹೊಸ ಕಂಪನಿಯ ಹೊಸ ವೀಸಾದಲ್ಲಿ. ಹಳೆಯ ವೀಸಾ ಅಷ್ಟರಲ್ಲಿ ರದ್ದಾಗಿತ್ತು. ಊರಿನಲ್ಲಿದ್ದ ಆ ದಿನಗಳನ್ನು ರಜೆ ಎನ್ನಲು ಅವನ ಕೈಯಲ್ಲಿ ಕಾಗದ ಇಲ್ಲ, ಕೊರತೆ 70 ದಿನ ದಾಟುತ್ತದೆ, ಎರಡು ತಿಂಗಳಿಗಿಂತ ಹೆಚ್ಚು ಮನ್ನಿಸುವ ಅಧಿಕಾರ ಆ ನಿಯಮದಲ್ಲಿ ಅಸಿಸ್ಟೆಂಟ್ ಕಮಿಷನರ್‌ಗೆ ಇರಲಿಲ್ಲ. ಆದರೆ ಹಿಂದಿನ ಎರಡು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ಇದ್ದದ್ದು ನಿಶ್ಚಯ, ಹಾಗಾಗಿ 2 ಲಕ್ಷದ ಮೆಟ್ಟಿಲು ಅವನಿಗೆ ಸಿಗಲೇಬೇಕು. ಅವನ ಪತ್ರದಲ್ಲಿ ಹಾಕಿದ್ದು 1 ಲಕ್ಷದ್ದು. ಅವನ ಸಾಮಾನಿನ ಬೆಲೆ 2,40,000. ಹಾಗಾಗಿ ಅವನಿಗೆ ಬೇರೆಯೇ ಉತ್ತರ ಬರೆದೆವು. 40,000ದ ಮೇಲಿನ 15,400 ರೂಪಾಯಿಯನ್ನೂ ಅದರ ಬಡ್ಡಿಯನ್ನೂ ಕಟ್ಟಿ, ಚಲನ್ ಲಗತ್ತಿಸಿ, ಉಳಿದ 38,500ಕ್ಕೆ ಮಾತ್ರ ಆಕ್ಷೇಪ.